ಟ್ಯಾಂಕ್ ತೊಳೆಯುವ ನೋಟಿಸಿನಲ್ಲಿ ಮಹಡಿವಾರು ಸಮಯ: ಅನುಭವ ಇದ್ದವರು ಹೇಳಿ

ವಿದ್ಯಾನಗರ, ಹಾಸನ (ಹೊಸ ಕಾರ್ಯದರ್ಶಿ)

ಈ ವರ್ಷ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಿದೆ. ನೆಲ ಮಹಡಿ ಸೇರಿ 4 ಮಹಡಿ, 16 ಮನೆ. ತಾರಸಿ ಮೇಲೆ ಕಾಂಕ್ರೀಟ್ ಟ್ಯಾಂಕ್ ಇದೆ, ನಡುವೆ ಗೋಡೆ, ಒಂದೊಂದು ಭಾಗ 10,000 ಲೀಟರ್. ಕೆಳಗೆ ಸಂಪು. ಹೀಗೆ ನೋಟಿಸ್ ಬರೆದಿದ್ದೇನೆ:

"ಬರುವ ಭಾನುವಾರ ಸಂಪು ಮತ್ತು ಮೇಲಿನ ಟ್ಯಾಂಕ್ ಸ್ವಚ್ಛ ಮಾಡಲಾಗುವುದು. ನೀರು ಇಲ್ಲದ ಸಮಯ: ನೆಲ ಮಹಡಿ 7ರಿಂದ 9, ಮೊದಲನೇ ಮಹಡಿ 9ರಿಂದ 11, ಎರಡನೇ ಮಹಡಿ 11ರಿಂದ 1, ಮೂರನೇ ಮಹಡಿ 1ರಿಂದ 3. ಎಲ್ಲರೂ ಸಹಕರಿಸಬೇಕು."

ಸಮಯ ಸರಿ ಇದೆಯಾ? ಇನ್ನೇನು ಸೇರಿಸಬೇಕು?

ಕುವೆಂಪು ನಗರ (ಮಾಜಿ ಕಾರ್ಯದರ್ಶಿ)

ಸರ್, ಅಂಟಿಸುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಈ ಸಮಯಪಟ್ಟಿ ನಡೆಯುವುದಿಲ್ಲ. ನಮ್ಮಲ್ಲಿ ಹಿಂದಿನವರು ಇದೇ ಥರ ಮಹಡಿವಾರು ಬರೆದು ಅಂಟಿಸಿದ್ದರು. ಬೆಳಿಗ್ಗೆ 7ಕ್ಕೆ ವಾಲ್ವ್ ಮುಚ್ಚಿದರೆ ಮೊದಲು ಖಾಲಿಯಾದದ್ದು ಮೇಲಿನ ಮಹಡಿಯ ನಲ್ಲಿ. ಅವರ ಸಮಯ ಮಧ್ಯಾಹ್ನಕ್ಕೆ ಇತ್ತು. ಜಗಳಕ್ಕೆ ಅಷ್ಟು ಸಾಕಾಯಿತು.

ಕಾರಣ ಇಷ್ಟೇ. ತಾರಸಿಯಿಂದ ಇಳಿಯುವ ಪೈಪು ಮಹಡಿ ನೋಡಿಕೊಂಡು ಇಳಿಯುವುದಿಲ್ಲ, ನೆಟ್ಟಗೆ ಇಳಿಯುತ್ತದೆ. 301ರ ಅಡುಗೆಮನೆಗೆ ಕೊಟ್ಟ ಲೈನೇ 201, 101, 001ರ ಅಡುಗೆಮನೆಗೂ ಹೋಗುತ್ತದೆ. ಆ ಲೈನಿನ ವಾಲ್ವ್ ಮುಚ್ಚಿದರೆ ನಾಲ್ಕೂ ಮನೆಗೆ ಒಟ್ಟಿಗೆ ನೀರು ನಿಲ್ಲುತ್ತದೆ. ಪೈಪಿನೊಳಗೆ ಉಳಿದ ನೀರು ಕೆಳಗಿನವರಿಗೆ ಸ್ವಲ್ಪ ಹೊತ್ತು ಬರುತ್ತದೆ, ಮೇಲಿನವರಿಗೆ ಬರೀ ಗಾಳಿ. ಬರೆಯುವುದಾದರೆ 'ಮೂರನೇ ಮಹಡಿ' ಅಂತ ಬೇಡ. '01 ಸಾಲು', '02 ಸಾಲು' ಅಂತ ಬರೆಯಿರಿ.

ಅದಕ್ಕೂ ಮೊದಲು ತಾರಸಿಗೆ ಹೋಗಿ ನೋಡಿ. ಟ್ಯಾಂಕಿನ ಎರಡು ಭಾಗದಿಂದ ಹೊರಟ ಪೈಪುಗಳು ಒಂದು ಅಡ್ಡ ಪೈಪಿಗೆ ಸೇರಿ, ಅಲ್ಲಿಂದ ಎಲ್ಲ ಲೈನು ಇಳಿದಿವೆಯಾ? ಅಥವಾ ಒಂದೊಂದು ಭಾಗಕ್ಕೆ ಬೇರೆ ಬೇರೆ ಲೈನಾ? ಮೊದಲನೆಯದಾದರೆ ನಿಮಗೆ ಈ ಸಮಯಪಟ್ಟಿಯೇ ಬೇಕಿಲ್ಲ. ಒಂದು ಭಾಗ ತೊಳೆಯುವಾಗ ಇನ್ನೊಂದು ಭಾಗ 16 ಮನೆಗೂ ನೀರು ಕೊಡುತ್ತದೆ.

ರವೀಂದ್ರ ನಗರ (ನಿವೃತ್ತರು)

ಇಷ್ಟೆಲ್ಲ ಯಾಕೆ? ಮೇಲಿನ ಟ್ಯಾಂಕ್ ಮೊದಲು ತೊಳೆದು, ಆ ಕೊಳೆ ಎಲ್ಲ ಕೆಳಗೆ ಇಳಿದ ಮೇಲೆ ಸಂಪು ತೊಳೆಯಬೇಕು. ಮನೆ ಗುಡಿಸುವಾಗಲೂ ಮೇಲಿಂದ ಕೆಳಗೆ ಅಲ್ವಾ? ಆಮೇಲೆ ನಾಲ್ಕು ಹಿಡಿ ಬ್ಲೀಚಿಂಗ್ ಪೌಡರ್. ಜಾಸ್ತಿ ಆದರೆ ನಷ್ಟವೇನಿಲ್ಲ. ಭಾನುವಾರವೇ ಒಳ್ಳೆಯದು, ಎಲ್ಲರೂ ಮನೆಯಲ್ಲಿರುತ್ತಾರೆ.

ಹಾಸನ (ಪ್ಲಂಬಿಂಗ್ ಗುತ್ತಿಗೆ)

ಪೌಡರ್ ಹಾಕಬೇಕು ಅಂದದ್ದು ಸರಿ ಸರ್. ಕ್ರಮ ಮಾತ್ರ ಉಲ್ಟಾ. ಮೇಲಿನ ಟ್ಯಾಂಕಿನ ಕೊಳೆ ಸಂಪಿಗೆ ಬರುವುದೇ ಇಲ್ಲ, ಅದು ವಾಷ್‌ಔಟ್ ಪೈಪಿನಲ್ಲಿ ಮೋರಿಗೆ ಹೋಗುತ್ತದೆ. ಸಂಪಿನ ಹೂಳು ಮಾತ್ರ ಮೋಟಾರಿನ ಜೊತೆ ಮೇಲೆ ಹೋಗುತ್ತದೆ. ಆದ್ದರಿಂದ ಸಂಪು ಮೊದಲು, ಟ್ಯಾಂಕ್ ಆಮೇಲೆ.

ಸಂಪು ಮತ್ತು ಟ್ಯಾಂಕ್ ಒಂದೇ ದಿನ ಇಟ್ಟುಕೊಳ್ಳಬೇಡಿ. ನಲ್ಲಿ ನೀರು ಬರುವ ಹಿಂದಿನ ದಿನ ಸಂಪು ತೊಳೆಸಿ. ಅದಕ್ಕೂ ಮುಂಚೆ ನಲ್ಲಿಯಿಂದ ಸಂಪಿಗೆ ಬರುವ ವಾಲ್ವ್ ಮುಚ್ಚಿ, ಇರುವ ನೀರನ್ನು ಬಳಸಿ ತಳಕ್ಕೆ ಇಳಿಸಿ. ಹೇಮಾವತಿ ನೀರು ಸುಮ್ನೆ ಮೋರಿಗೆ ಬಿಡುವುದು ಯಾಕೆ? ಆ ದಿನ ಮೇಲಿನ ಎರಡೂ ಭಾಗ ತುಂಬಿರಲಿ, ಯಾರಿಗೂ ತೊಂದರೆ ಆಗುವುದಿಲ್ಲ.

ಎರಡು ಗಂಟೆ ಅಂದಿದ್ದೀರಿ, ಅದೂ ಸಾಲುವುದಿಲ್ಲ. ತಳದ ನೀರು ಬಿಡಬೇಕು, ಪಾಚಿ ಉಜ್ಜಬೇಕು, ಎರಡು ಸಲ ತೊಳೆಯಬೇಕು, ಔಷಧಿ ನೀರು ಬಳಿದು ಅರ್ಧ ಗಂಟೆ ಬಿಡಬೇಕು, ಮತ್ತೆ ತೊಳೆದು ತುಂಬಿಸಬೇಕು. ನಿಮ್ಮ ಮೋಟಾರು ಎಷ್ಟು ಏರಿಸುತ್ತದೆ ಅಂತ ಗೊತ್ತಾ? ಎಷ್ಟು ಎಚ್‌ಪಿ ಅಂತ ನೋಡಬೇಡಿ, ಅಳತೆ ಮಾಡಿ. ಉದಾಹರಣೆಗೆ ಒಂದು ಭಾಗದ ಒಳ ಅಳತೆ 3 ಮೀಟರ್ ಉದ್ದ, 2.5 ಮೀಟರ್ ಅಗಲ ಅಂದುಕೊಳ್ಳಿ. ನೀರು 10 ಸೆಂಟಿಮೀಟರ್ ಏರಿದರೆ 750 ಲೀಟರ್. ಯಾರೂ ನೀರು ಬಳಸದ ಹೊತ್ತಿನಲ್ಲಿ ಅಷ್ಟು ಏರಲು ಏಳೂವರೆ ನಿಮಿಷ ಹಿಡಿದರೆ ಮೋಟಾರು ಗಂಟೆಗೆ 6,000 ಲೀಟರ್ ಕೊಡುತ್ತದೆ. 10,000 ತುಂಬಲು ಒಂದು ಗಂಟೆ 40 ನಿಮಿಷ ಆಯಿತು. ತೊಳೆಯುವುದೂ ಸೇರಿದರೆ ಒಂದು ಭಾಗಕ್ಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಮಧ್ಯೆ ಕರೆಂಟ್ ಹೋದರೆ ಅದು ಬೇರೆ.

ಕಲ್ಯಾಣ ನಗರ, ಚಿಕ್ಕಮಗಳೂರು

ನಮ್ಮಲ್ಲಿ ಪ್ರತಿ ಮನೆಗೂ ತಾರಸಿಯಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಟ್ಯಾಂಕ್. ಒಂದು ಮಹಡಿಯ ಟ್ಯಾಂಕುಗಳನ್ನು ಸಾಲಾಗಿ ತೊಳೆಯುತ್ತಾ ಹೋಗುತ್ತಾರೆ, ಮಹಡಿವಾರು ಸಮಯ ಸರಿಯಾಗಿಯೇ ನಡೆಯುತ್ತದೆ. ಹಾಗಾಗಿ ನಿಮ್ಮ ನೋಟಿಸ್ ತಪ್ಪು ಅಂತ ನನಗೆ ಅನಿಸಲಿಲ್ಲ. ನಮ್ಮ ಗೋಳು ಬೇರೆ. ಮಳೆಗಾಲದಲ್ಲಿ ಯಗಚಿ ನೀರಾಗಲಿ ಹಿರೇಕೊಳಲೆ ನೀರಾಗಲಿ ನಮ್ಮ ಮನೆಗೆ ಕೆಂಪಗೆ ಬರುತ್ತದೆ, ತೊಳೆದ ಮರುದಿನವೇ ತಳದಲ್ಲಿ ಮಣ್ಣು. ನಾವು ಈಗ ಮಳೆ ನಿಂತ ಮೇಲೆಯೇ ತೊಳೆಸುವುದು. ತೊಳೆಯುವ ಖರ್ಚು ಬಾಡಿಗೆದಾರರು ಕೊಡಬೇಕಾ, ಮಾಲೀಕರಾ? ಅದನ್ನೂ ಯಾರಾದರೂ ಹೇಳಿ.

ಕುವೆಂಪು ನಗರ (ಮಾಜಿ ಕಾರ್ಯದರ್ಶಿ)

ಅದಕ್ಕೇ ತಾರಸಿ ನೋಡಿ ಅಂದದ್ದು. ಮನೆಗೊಂದು ಟ್ಯಾಂಕ್ ಇದ್ದರೆ ಮಹಡಿವಾರು ನಡೆಯುತ್ತದೆ. ಯಾರೋ ಅಂಥ ಕಡೆಯ ನೋಟಿಸ್ ನೋಡಿ ಉಳಿದವರೆಲ್ಲ ನಕಲು ಮಾಡಿರಬೇಕು. ಖರ್ಚಿನ ವಿಷಯ ಇಲ್ಲಿ ಶುರುವಾದರೆ ಟ್ಯಾಂಕ್ ಮರೆತೇ ಹೋಗುತ್ತದೆ ಮೇಡಂ.

ವಿದ್ಯಾನಗರ, ಹಾಸನ (ಹೊಸ ಕಾರ್ಯದರ್ಶಿ)

ಇವತ್ತು ವಾಚ್‌ಮನ್ ಜೊತೆ ಮೇಲೆ ಹೋಗಿದ್ದೆ. ಎರಡೂ ಭಾಗದ ಪೈಪು ಒಂದೇ ಅಡ್ಡ ಪೈಪಿಗೆ ಸೇರಿದೆ, ಒಂದೊಂದಕ್ಕೂ ವಾಲ್ವ್ ಇದೆ. ಅಲ್ಲಿಂದ ಆರು ಲೈನು ಇಳಿದಿವೆ, ಅವಕ್ಕೂ ವಾಲ್ವ್. ಒಂದೊಂದನ್ನೇ ಮುಚ್ಚಿ, ಮನೆಮನೆಯಲ್ಲಿ ನಲ್ಲಿ ತೆರೆಸಿ ನೋಡಿದೆವು. ನೀವು ಹೇಳಿದಂತೆ ನಾಲ್ಕು ಮನೆ ಒಟ್ಟಿಗೆ ನಿಲ್ಲುತ್ತವೆ. 304 ಮಾತ್ರ ಏನು ಮುಚ್ಚಿದರೂ ನಿಲ್ಲುವುದಿಲ್ಲ! ಹುಡುಕಿದರೆ, ಹಿಂದಿನ ಮಾಲೀಕರು ಟ್ಯಾಂಕಿನ ಎಡಭಾಗಕ್ಕೆ ತೂತು ಹಾಕಿಸಿ ನೇರವಾಗಿ ಪೈಪು ಎಳೆಸಿಕೊಂಡಿದ್ದಾರೆ.

ಇನ್ನೊಂದು ಅನುಮಾನ. ಎಡಭಾಗದ ವಾಲ್ವ್ ತುಂಬಾ ಹಳೆಯದು, ತಿರುಗಿಸಿದರೂ ಪೂರ್ತಿ ಕೂರುತ್ತಿಲ್ಲ ಅನಿಸುತ್ತದೆ.

ಹಾಸನ (ಪ್ಲಂಬಿಂಗ್ ಗುತ್ತಿಗೆ)

ಇಡೀ ಕೆಲಸ ಕೆಡುವುದು ಅಲ್ಲೇ. ಆ ವಾಲ್ವ್ ಸೋರಿದರೆ ಬಲಭಾಗದ ನೀರು ಅಡ್ಡ ಪೈಪಿನಿಂದ ಹಿಂದಕ್ಕೆ ಬಂದು ಎಡಭಾಗದ ತಳದಲ್ಲಿ ಉಕ್ಕುತ್ತಿರುತ್ತದೆ. ಹುಡುಗರು ಎಷ್ಟು ಬಳಿದರೂ ನೀರು ಒಣಗುವುದಿಲ್ಲ. ಗೋಡೆಗೆ ಬಳಿದ ಔಷಧಿಯೂ ತೆಳುವಾಗುತ್ತದೆ. ಬಲಭಾಗದ ನೀರಿನ ಮಟ್ಟ ಇಳಿದು ಒತ್ತಡ ಕಡಿಮೆಯಾದರೆ, ತೊಳೆದ ಕೊಳೆ ನೀರೇ ಲೈನಿಗೆ ನುಗ್ಗಬಹುದು.

ಪರೀಕ್ಷೆ ಸುಲಭ. ಎಡಭಾಗಕ್ಕೆ ಮೋಟಾರು ನೀರು ಬಿಡುವುದನ್ನು ನಿಲ್ಲಿಸಿ, ಬಳಸಿ ಖಾಲಿ ಮಾಡಿ. ಆಮೇಲೆ ಅದರ ವಾಲ್ವ್ ಮುಚ್ಚಿ, ಒಳಗೆ ಟಾರ್ಚ್ ಬಿಟ್ಟು ಪೈಪಿನ ಬಾಯಿ ನೋಡಿ. ನೀರು ಉಬ್ಬಿ ಬರುತ್ತಿದ್ದರೆ ವಾಲ್ವ್ ಹೋಗಿದೆ ಅಂತ ಲೆಕ್ಕ. ಟ್ಯಾಂಕ್ ತೊಳೆಯುವ ಮೊದಲೇ ಬಾಲ್ ವಾಲ್ವ್ ಹಾಕಿಸಿ. ಅವತ್ತೇ ಗೊತ್ತಾದರೆ ಒಳಗಿನಿಂದ ಮರದ ಗೂಟಕ್ಕೆ ಬಟ್ಟೆ ಸುತ್ತಿ ಬಾಯಿಗೆ ಬಡಿಯುತ್ತೇವೆ. ತೆಗೆಯಲು ಮರೆತರೆ ಮಾತ್ರ ಸಂಜೆ ನಮಗೆ ಫೋನ್ ಬರುತ್ತದೆ.

304ಕ್ಕೆ ಎಡಭಾಗದ ಸಮಯವನ್ನು ಬೇರೆಯಾಗಿಯೇ ಬರೆಯಿರಿ. ಅವರ ಪೈಪಿನ ಬಾಯಿಗೂ ಗೂಟ ಬೇಕು, ಇಲ್ಲದಿದ್ದರೆ ಪಾಚಿ ನೀರೆಲ್ಲ ಅವರ ಮನೆಗೇ.

ಸಂಪಿಗೆ ಇಳಿಯುವ ಹುಡುಗರ ವಿಷಯ. ಮುಚ್ಚಳ ಬೆಳಿಗ್ಗೆಯೇ ತೆಗೆದು ಗಾಳಿ ಆಡಲು ಬಿಡಿ. ಡೀಸೆಲ್, ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಅಥವಾ ಬಾಯಿಯ ಹತ್ತಿರ ಇಡಬೇಡಿ, ಆ ಹೊಗೆ ಒಳಗೆ ತುಂಬಿದರೆ ಮನುಷ್ಯ ಮೇಲೆ ಬರುವುದಿಲ್ಲ. ಕರೆಂಟ್ ಪಂಪ್ ಇಳಿಸಿ ನೀರು ತೆಗೆದ ಮೇಲೆ, ಪ್ಲಗ್ ಕಿತ್ತು ಪಂಪನ್ನು ಹೊರಗೆ ಇಟ್ಟು, ಆಮೇಲೆ ಆಳು ಇಳಿಯಬೇಕು. ಮೇಲೆ ಒಬ್ಬ ನಿಂತೇ ಇರಬೇಕು. ಕೆಳಗಿದ್ದವನು ಕುಸಿದರೆ ಇವನು ಹಿಂದೆಯೇ ಹಾರಬಾರದು. ಹಗ್ಗ ಕಟ್ಟಿ ಇಳಿಸಿದ್ದರೆ ಎಳೆಯಬಹುದು.

ಹೇಮಾವತಿ ನಗರ (ಮೂರನೇ ಮಹಡಿ)

ನಾನು ಗೃಹಿಣಿ, ವಾಲ್ವ್ ಗೊತ್ತಿಲ್ಲ. ಮೇಲಿನ ಮಹಡಿಯವರ ಕಷ್ಟ ಗೊತ್ತು. ನಮ್ಮಲ್ಲಿ ತೊಳೆದ ದಿನ ಕೆಳಗಿನ ಎಲ್ಲರಿಗೂ ನೀರು ಬಂತು. ನಮಗೆ ನಲ್ಲಿ ಬುಸ್ ಬುಸ್ ಅಂತ ಗಾಳಿ ಉಗುಳಿ ಸುಮ್ಮನಾಯಿತು. ಕೆಳಗಿನವರು ಹೊರಗಿನ ನಲ್ಲಿಯನ್ನು ಪೂರ್ತಿ ತೆರೆದು ಬಿಟ್ಟ ಮೇಲೆ ಗಾಳಿ ಹೋಗಿ ನಮಗೂ ಬಂತು. ಬಂದದ್ದು ಕಂದು ಬಣ್ಣದ ನೀರು. ಅಡುಗೆಮನೆ ನಲ್ಲಿಯ ಜಾಲರಿ, ವಾಷಿಂಗ್ ಮೆಷಿನ್ ಪೈಪಿನ ಜಾಲರಿ ಎರಡೂ ಕಟ್ಟಿಕೊಂಡವು. ಗೀಸರ್ ಆನ್ ಇದ್ದ ಮನೆಯವರ ಕಾಯಿಲ್ ಸುಟ್ಟಿತು, ಅದು ಬೇರೆ ಮಾತು. ನೋಟಿಸಿನಲ್ಲಿ ಗೀಸರ್ ವಿಷಯ ದಪ್ಪ ಅಕ್ಷರದಲ್ಲಿ ಹಾಕಿ.

ಹಾಸನ (ಪ್ಲಂಬಿಂಗ್ ಗುತ್ತಿಗೆ)

ಅಕ್ಕ ಹೇಳಿದ್ದು ಸರಿ. ಲೈನಿನ ನೆತ್ತಿಯಲ್ಲಿ ಗಾಳಿ ಪೈಪು ಇದ್ದರೆ ಹಾಗಾಗುವುದಿಲ್ಲ, ಎಷ್ಟೋ ಕಟ್ಟಡಗಳಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ. ಇನ್ನೊಂದು ಗಮನಿಸಿ. ಲೈನ್ ಮುಚ್ಚಿದಾಗ ಕೆಳಗಿನವರು ನಲ್ಲಿ ತೆರೆದರೆ ಮೇಲೆ ಪೈಪು ಎಳೆಯುತ್ತದೆ. ಯಾರದೋ ಬಾತ್‌ರೂಮಿನಲ್ಲಿ ನಲ್ಲಿ ತೆರೆದೇ ಇದ್ದು, ಅದರ ಹೋಸ್ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ಆ ಸೋಪು ನೀರು ಲೈನಿಗೆ ಬರುತ್ತದೆ. 'ಹೋಸ್ ಬಕೆಟ್ಟಿನಲ್ಲಿ ಬಿಡಬೇಡಿ' ಅಂತ ಒಂದು ಸಾಲು ಸೇರಿಸಿ.

ಹಾಸನ (ನೀರು ಸರಬರಾಜಿನಲ್ಲಿ ಕೆಲಸ ಮಾಡಿದವರು)

ಪೌಡರ್ ಬಗ್ಗೆ ಎರಡು ಮಾತು. 'ಜಾಸ್ತಿ ಆದರೆ ನಷ್ಟವಿಲ್ಲ' ಅನ್ನುವುದು ಸರಿಯಲ್ಲ ರಾಯರೇ. ಗೋಡೆಗೆ ಬಳಿಯಲು 15 ಲೀಟರ್ ಬಕೆಟ್ಟಿಗೆ ಎರಡು ಟೀ ಚಮಚ ಸಾಕು. ತುಂಬಿಸಿದ ಮೇಲೆ 10,000 ಲೀಟರಿಗೆ ಸುಮಾರು 60 ಗ್ರಾಂ. ಇದು 33 ಪರ್ಸೆಂಟ್ ಕ್ಲೋರಿನ್ ಇರುವ ಹೊಸ ಪೌಡರಿನ ಲೆಕ್ಕ. ಕಳೆದ ವರ್ಷದ ಬಾಯಿ ತೆರೆದ ಚೀಲದ್ದಾದರೆ ಸತ್ವ ಹೋಗಿರುತ್ತದೆ. ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಹಾಕಿ. ಅರ್ಧ ಗಂಟೆ ಬಿಟ್ಟು ವಾಲ್ವ್ ತೆರೆಯಿರಿ. ಸಾಧ್ಯವಾದರೆ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರೋಸ್ಕೋಪಿನಿಂದ ನೋಡಿ. ಲೀಟರಿಗೆ 0.2 ಮಿಲಿಗ್ರಾಂ ತೋರಿಸಿದರೆ ಸಾಕು, ತಿಳಿ ಹಳದಿ ಬಣ್ಣ ಬರುತ್ತದೆ.

ರವೀಂದ್ರ ನಗರ (ನಿವೃತ್ತರು)

ಆಗಲಿ, ಪೌಡರಿನ ಮಾತು ಒಪ್ಪಿದೆ. ಆದರೆ ಭಾನುವಾರವೇ ಆಗಬೇಕು.

ಕುವೆಂಪು ನಗರ (ಮಾಜಿ ಕಾರ್ಯದರ್ಶಿ)

ಭಾನುವಾರ ತಲೆ ಸ್ನಾನ, ಬಟ್ಟೆ, ನೆಂಟರು, ಎಲ್ಲ ಒಟ್ಟಿಗೆ. ಒಂದೇ ಭಾಗದ ನೀರಿನಲ್ಲಿ 16 ಮನೆ ಓಡಬೇಕು ಅಂದರೆ ಬಳಕೆ ಕಡಿಮೆ ಇರುವ ದಿನ ಮಾಡಿ. ನಾವು ಬುಧವಾರಕ್ಕೆ ಬದಲಾಯಿಸಿದೆವು.

ವಿದ್ಯಾನಗರ, ಹಾಸನ (ಹೊಸ ಕಾರ್ಯದರ್ಶಿ)

ಎಡಭಾಗ ಖಾಲಿ ಮಾಡಿ ನೋಡಿದೆ. ವಾಲ್ವ್ ಸೋರುತ್ತಿದೆ, ನಾಳೆ ಬದಲಾಯಿಸುತ್ತಾರೆ. ನೋಟಿಸ್ ಈಗ ಹೀಗಿದೆ:

"ಸಂಪು: ನಲ್ಲಿ ನೀರು ಬರುವ ಹಿಂದಿನ ದಿನ, ಬೆಳಿಗ್ಗೆ 9ರಿಂದ. ಮನೆಗಳಿಗೆ ನೀರು ಇರುತ್ತದೆ. ಟ್ಯಾಂಕ್: ಸಂಪು ತುಂಬಿದ ಮರುದಿನ. ಎಡಭಾಗ 9ರಿಂದ 1, ಬಲಭಾಗ 1:30ರಿಂದ 5:30. ನೀರು ಇರುತ್ತದೆ, ಒತ್ತಡ ಕಡಿಮೆ ಇರಬಹುದು. 304ಕ್ಕೆ ಮಾತ್ರ 9ರಿಂದ 1 ನೀರು ಇರುವುದಿಲ್ಲ. ಸಂಜೆ 5:30ಕ್ಕೆ ಲೈನ್ ತೊಳೆಯಲು ಎಲ್ಲ ಸಾಲಿಗೂ ಅರ್ಧ ಗಂಟೆ ನೀರು ನಿಲ್ಲುತ್ತದೆ. 5ರಿಂದ 7ರವರೆಗೆ ಗೀಸರ್ ಆಫ್ ಮಾಡಿ, 304ರವರು ಬೆಳಿಗ್ಗೆ 9ರಿಂದಲೇ. ಹೋಸ್ ಬಕೆಟ್ಟಿನಲ್ಲಿ ಬಿಡಬೇಡಿ. ನೀರು ಬಂದ ಮೇಲೆ ನೆಲ ಮಹಡಿಯವರು ಹೊರಗಿನ ನಲ್ಲಿಯನ್ನು ಮೊದಲು ತೆರೆಯಿರಿ. ನೀರು ತಿಳಿಯಾಗುವವರೆಗೆ ವಾಷಿಂಗ್ ಮೆಷಿನ್, ಫಿಲ್ಟರ್ ಬಳಸಬೇಡಿ."

ಯಾವ ದಿನ ಅನ್ನುವುದು ಸಂಘದಲ್ಲಿ ಇನ್ನೂ ಎಳೆದಾಟದಲ್ಲಿದೆ. 304ರವರು ಆ ಪೈಪು ತೆಗೆಯಲು ಒಪ್ಪುತ್ತಿಲ್ಲ, ಮನೆ ಕೊಳ್ಳುವಾಗಲೇ ಇತ್ತು ಅನ್ನುತ್ತಾರೆ. ಇಂಥದ್ದನ್ನು ಯಾರಾದರೂ ಬಗೆಹರಿಸಿದ್ದೀರಾ?