ಹೆಸರಿಡದ ಮಗುವನ್ನು ಕಂಪನಿ ಪಾಲಿಸಿಗೆ ಸೇರಿಸೋದು: ಎಚ್‌ಆರ್‌ಗೆ ಏನಂತ ಬರೀಬೇಕು?

ಪ್ರಶ್ನೆ (ವಸಂತನರಸಾಪುರ, ತುಮಕೂರು): ಮೇಡಂ, ಜೂನ್ 3ಕ್ಕೆ ಮಗಳು ಹುಟ್ಟಿದಳು. ಮಾರನೇ ದಿನವೇ ಕಾಮಾಲೆ ಅಂತ ಎನ್‌ಐಸಿಯುನಲ್ಲಿ ನಾಲ್ಕು ದಿನ ಇಟ್ಕೊಂಡ್ರು. ದುಡ್ಡು ನಾನೇ ಕಟ್ಟಿದೀನಿ. ಇವತ್ತು 19. ಬರ್ತ್ ಸರ್ಟಿಫಿಕೇಟ್ ಕೈಗೆ ಬಂದಿಲ್ಲ, ನಾಮಕರಣ ಮೂರನೇ ತಿಂಗಳಲ್ಲಿ ಅಂತಾರೆ ಮನೇಲಿ. ಹೆಸರಿಟ್ಟ ಮೇಲೆ ಎಚ್‌ಆರ್‌ಗೆ ಬರೆದ್ರೆ ಆಗುತ್ತಾ?

ಶಿರಾ ಗೇಟ್ ಕಡೆಯವರು: ಸರ್ಟಿಫಿಕೇಟ್, ಆಧಾರ್ ಎರಡೂ ಇಲ್ದೆ ಎಚ್‌ಆರ್‌ನವರು ಫೈಲ್ ಮುಟ್ಟೋದೇ ಇಲ್ಲ ಬ್ರದರ್. ಅವಸರ ಬೇಡ. ತಾಯಿ ಪಾಲಿಸಿಯಲ್ಲಿದ್ರೆ ಮಗು ತಾನಾಗೇ ಕವರ್ ಆಗುತ್ತೆ.

ಉತ್ತರ (ಗ್ರೂಪ್ ಇನ್ಶೂರೆನ್ಸ್ ನೋಡಿಕೊಳ್ಳುವವರು): ನಾಮಕರಣಕ್ಕೆ ಕಾಯಬೇಡಿ, ಇವತ್ತೇ ಮೇಲ್ ಹಾಕಿ. ಹೊಸ ಮಗುವನ್ನು ಸೇರಿಸೋಕೆ ಬಹಳಷ್ಟು ಗ್ರೂಪ್ ಪಾಲಿಸಿಗಳಲ್ಲಿ ಹುಟ್ಟಿದ ದಿನದಿಂದ 30 ದಿನ ಗಡುವು ಇರುತ್ತೆ. ಕೆಲವು ಕಂಪನಿಗಳಲ್ಲಿ ಇನ್ನೂ ಕಮ್ಮಿ. ಗಡುವು ತಪ್ಪಿದರೆ ಮುಂದಿನ ರಿನ್ಯೂವಲ್‌ವರೆಗೆ ಮಗು ಹೊರಗೇ.

ಹೆಸರಿಲ್ಲ ಅನ್ನೋದು ಅಡ್ಡಿಯೇ ಅಲ್ಲ. ಆಸ್ಪತ್ರೆಯವರು ಡಿಸ್ಚಾರ್ಜ್ ಸಮರಿಯಲ್ಲಿ ತಾಯಿ ಹೆಸರು ಹಾಕಿ ‘ಬೇಬಿ ಆಫ್’ ಇಂಥವರು ಅಂತ ಬರೆದಿರ್ತಾರಲ್ಲ, ಅದೇ ಹೆಸರಲ್ಲಿ, ಅದೇ ಸ್ಪೆಲ್ಲಿಂಗಲ್ಲಿ ಸೇರಿಸಿ. ಸರ್ಟಿಫಿಕೇಟನ್ನೂ ಹೆಸರಿಲ್ಲದೇ ತೆಗೆದುಕೊಳ್ಳಬಹುದು, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಿಕೊಡ್ತಾರೆ. ನವಜಾತ ಶಿಶುವಿನ ಆಧಾರ್ ಕೇಳುವ ಎಚ್‌ಆರ್ ಸಿಕ್ಕರೆ ಡಿಸ್ಚಾರ್ಜ್ ಸಮರಿ ಮುಂದಿಡಿ.

ಮೇಲಿನವರು ಹೇಳಿದ್ದರಲ್ಲಿ ಅರ್ಧ ನಿಜ. ತಾಯಿಯ ಹೆರಿಗೆ ಮಿತಿಯೊಳಗೆ ಮಗುವಿನ ಖರ್ಚನ್ನೂ ಕೊಡುವ ಪಾಲಿಸಿಗಳಿವೆ. ಆದರೆ ಸಿಸೇರಿಯನ್ ಆಗಿದ್ದರೆ ಬಹಳ ಸಲ ಆ ಮಿತಿ ತಾಯಿಯ ಬಿಲ್ಲಿಗೇ ಮುಗಿದುಹೋಗುತ್ತೆ, ಎನ್‌ಐಸಿಯು ಬಿಲ್ಲು ನಿಮ್ಮ ತಲೆ ಮೇಲೆ.

ನಿಮ್ಮ ಪತ್ರದ ಜೀವ ಇರೋದು ಒಂದು ಸಾಲಿನಲ್ಲಿ: ‘ಹುಟ್ಟಿದ ದಿನಾಂಕದಿಂದ ಜಾರಿಗೆ ಬರುವಂತೆ’. ಅದಿಲ್ಲದಿದ್ದರೆ ಎಚ್‌ಆರ್‌ನವರು ಮೇಲ್ ಬಂದ 19ನೇ ತಾರೀಖನ್ನೇ ಸೇರ್ಪಡೆ ದಿನ ಅಂತ ತುಂಬಿ ಕಳಿಸೋದು ಸಾಮಾನ್ಯ. ಆಗ 4ರಿಂದ 7ರವರೆಗಿನ ಎನ್‌ಐಸಿಯು ದಿನಗಳಲ್ಲಿ ಮಗು ಪಾಲಿಸಿಯಲ್ಲೇ ಇರಲಿಲ್ಲ ಅಂತಾಗುತ್ತೆ. ಆಫೀಸಿಗೆ ಇಂಗ್ಲಿಷಲ್ಲೇ ಕಳಿಸಿ, ವಿಷಯ ಇಷ್ಟು:

> ಮಾನ್ಯರೇ, ನನ್ನ ಉದ್ಯೋಗಿ ಸಂಖ್ಯೆ ____. ನನಗೆ ಜೂನ್ 3ರಂದು ____ ಆಸ್ಪತ್ರೆಯಲ್ಲಿ ಹೆಣ್ಣು ಮಗು ಜನಿಸಿದೆ. ಮಗುವನ್ನು ‘ಬೇಬಿ ಆಫ್ ____’ ಎಂಬ ಹೆಸರಿನಲ್ಲಿ, ಹುಟ್ಟಿದ ದಿನಾಂಕದಿಂದಲೇ ಜಾರಿಗೆ ಬರುವಂತೆ, ಕಂಪನಿಯ ಗ್ರೂಪ್ ಆರೋಗ್ಯ ಪಾಲಿಸಿಗೆ ನನ್ನ ಅವಲಂಬಿತಳಾಗಿ ಸೇರಿಸಬೇಕಾಗಿ ಕೋರುತ್ತೇನೆ. ಮಗು ಜೂನ್ 4ರಿಂದ 7ರವರೆಗೆ ಎನ್‌ಐಸಿಯುನಲ್ಲಿ ಚಿಕಿತ್ಸೆ ಪಡೆದಿದೆ. ಡಿಸ್ಚಾರ್ಜ್ ಸಮರಿ ಲಗತ್ತಿಸಿದ್ದೇನೆ. ಜನನ ಪ್ರಮಾಣಪತ್ರ ಬಂದ ಕೂಡಲೇ ಕಳುಹಿಸುತ್ತೇನೆ. ನನ್ನ ಪಾಲಿನ ಪ್ರೀಮಿಯಂ ಇದ್ದಲ್ಲಿ ಸಂಬಳದಲ್ಲಿ ಕಡಿತ ಮಾಡಲು ಒಪ್ಪಿಗೆ ಇದೆ. ಸೇರ್ಪಡೆಯಾದ ಬಗ್ಗೆ ಇ-ಕಾರ್ಡ್ ಕಳುಹಿಸಬೇಕಾಗಿ ವಿನಂತಿ.

ಎನ್‌ಐಸಿಯು ವಿಚಾರ ಮುಚ್ಚಿಡಬೇಡಿ, ಮುಂದೆ ಕ್ಲೇಮಿನಲ್ಲಿ ಹೇಗೂ ಬರುತ್ತೆ. ಪೋರ್ಟಲ್ ಇದ್ದರೆ ಅದರಲ್ಲೂ ತುಂಬಿ, ಮೇಲ್‌ ಮಾತ್ರ ಬಿಡಬೇಡಿ. ಗಡುವಿನೊಳಗೆ ತಿಳಿಸಿದ್ದಕ್ಕೆ ಅದೇ ಸಾಕ್ಷಿ. ಇ-ಕಾರ್ಡ್ ಬಂದಾಗ ಹೆಸರಿಗಿಂತ ಮೊದಲು ಕವರ್ ಶುರುವಾದ ತಾರೀಖು ನೋಡಿ. ಜೂನ್ 3 ಇಲ್ಲದಿದ್ದರೆ ಅದೇ ಮೇಲಿಗೆ ಉತ್ತರವಾಗಿ ತಿದ್ದುಪಡಿ ಕೇಳಿ.

ವೇಮಗಲ್, ಕೋಲಾರ: ಅಕ್ಕಾ, ಇದೇ ಲೆಟರ್‌ನಲ್ಲಿ ಮಗು ಅನ್ನೋ ಕಡೆ ಅಮ್ಮ ಅಂತ ಹಾಕಿದ್ರೆ ಆಗುತ್ತಾ? ಊರಿಂದ ನಮ್ಮಮ್ಮ ಈಗ ನಮ್ಮ ಜೊತೇಲೇ ಇದಾರೆ.

ಉತ್ತರ: ಆಗಲ್ಲ ತಮ್ಮಾ. ವರ್ಷದ ಮಧ್ಯೆ ಸಾಮಾನ್ಯವಾಗಿ ಸೇರಿಸೋದು ಹೊಸದಾಗಿ ಮದುವೆಯಾದ ಹೆಂಡತಿ ಅಥವಾ ಗಂಡ, ಹೊಸ ಮಗು, ಇಷ್ಟೇ. ಅಪ್ಪ-ಅಮ್ಮನನ್ನು ಕೆಲಸಕ್ಕೆ ಸೇರಿದಾಗ ಇಲ್ಲಾ ರಿನ್ಯೂವಲ್‌ನಲ್ಲಿ ಸೇರಿಸಬೇಕು. ನಿಮ್ಮ ಪಾಲಿಸಿ ಯಾವಾಗ ರಿನ್ಯೂ ಆಗುತ್ತೆ, ಅಪ್ಪ-ಅಮ್ಮನಿಗೆ ಜಾಗ ಇದೆಯಾ ಅಂತ ಈಗಲೇ ಎಚ್‌ಆರ್‌ನ ಕೇಳಿಡಿ. ಮದುವೆಯಾಗಿದ್ದರೆ ಇನ್ನೊಂದು ಮಾತು: ಹಲವು ಕಂಪನಿಗಳಲ್ಲಿ ಹೆತ್ತವರು ಇಲ್ಲಾ ಅತ್ತೆ-ಮಾವ, ಎರಡರಲ್ಲಿ ಒಂದು ಜೋಡಿಗೆ ಮಾತ್ರ ಅವಕಾಶ. ಮನೇಲಿ ಮಾತಾಡಿಕೊಂಡೇ ಫಾರಂ ತುಂಬಿ.

ಪ್ರಶ್ನೆ ಕೇಳಿದವರು: ಮೇಲ್ ಹಾಕ್ದೆ ಮೇಡಂ. ಆದ್ರೆ ಬಿಲ್ ತೆಗೆದು ನೋಡಿದ್ರೆ ಆಸ್ಪತ್ರೆಯವರು ತಾಯಿದು ಮಗುದು ಒಟ್ಟಿಗೇ ಹಾಕಿದಾರೆ.

ಉತ್ತರ: ಹಾಗೇ ಕೊಟ್ಟರೆ ಪೂರ್ತಿ ಮೊತ್ತ ಹೆರಿಗೆ ಮಿತಿಗೆ ಬೀಳುತ್ತೆ. ಬಿಲ್ಲಿಂಗ್ ಕೌಂಟರ್‌ಗೆ ಹೋಗಿ ಮಗುವಿನ ಎನ್‌ಐಸಿಯು ಬೆಡ್ ಚಾರ್ಜ್, ಫೋಟೋಥೆರಪಿ, ಲ್ಯಾಬ್, ಔಷಧಿ ಬೇರೆ ಬಿಲ್ಲಾಗಿ ಕೇಳಿ. ಮಗುವಿಗೆ ಬೇರೆ ಐಪಿ ನಂಬರ್, ಅಂದರೆ ಒಳರೋಗಿ ಸಂಖ್ಯೆ, ಕೊಟ್ಟಿದ್ದರೆ ಸುಲಭ, ಇಲ್ಲದಿದ್ದರೆ ಸೀಲು ಹಾಕಿದ ಬ್ರೇಕಪ್ ಆದರೂ ತನ್ನಿ.

ಶಿರಾ ಗೇಟ್ ಕಡೆಯವರು: ಮೊದಲ ದಿನದಿಂದ ಮಗುಗೆ ಕವರ್ ಕೊಡದ ಪಾಲಿಸಿಗಳೂ ಇವೆಯಲ್ಲ ಮೇಡಂ? ನಮ್ಮ ಕಂಪನೀಲಿ 90 ದಿನ ಆಗ್ಬೇಕು ಅಂದಿದ್ರು.

ಉತ್ತರ: ಇವೆ. ಆ ಷರತ್ತು ಇದ್ದರೆ ಈ ಬಿಲ್ಲಿಗೆ ಹೆರಿಗೆ ಮಿತಿಯಲ್ಲಿ ಉಳಿದದ್ದಷ್ಟೇ ಗತಿ. ಪಾಲಿಸಿ ಷರತ್ತಿನ ಹಾಳೆ ನೋಡದೆ ನಾನು ಹೂಂ ಅನ್ನೋಕಾಗಲ್ಲ. ಎಚ್‌ಆರ್ ಹತ್ರ ಅದರ ಪ್ರತಿ ಕೇಳಿ, ನವಜಾತ ಶಿಶುವಿನ ಸಾಲನ್ನು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು: ಎಚ್‌ಆರ್ ಸೋಮವಾರ ಕಳಿಸ್ತೀನಿ ಅಂದಿದಾರೆ, ಬಂದ ಮೇಲೆ ಹಾಕ್ತೀನಿ.