ಪದಚರ್ಚೆ: ‘ಗೊಜಿಆಯ್’ ಎನ್ನುವುದಕ್ಕೆ ಕನ್ನಡದಲ್ಲಿ ಏನು? (ಮತ್ತು ಸೆನ್ಸೇಯ ಬೆನ್ನುನೋವು)

ನಾಗೋಯಾದಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ಜಪಾನಿ ಕಲಿಸುವ ಸೆನ್ಸೇಗೆ ಹೊಸ ವರ್ಷದ ಅಂಚೆಕಾರ್ಡು, ಅಂದರೆ ನೆಂಗಾಜೋ, ಬರೆಯುತ್ತಿದ್ದೇನೆ. ಅವರಿಗೆ ಅರವತ್ತು ದಾಟಿದೆ. ಈಚೆಗೆ ಬೆನ್ನು ಹಿಡಿದುಕೊಂಡೇ ಏಳುತ್ತಾರೆ, ಕೂರುತ್ತಾರೆ. ಮೊದಲು ಕನ್ನಡದಲ್ಲಿ ಹೀಗೆ ಬರೆದುಕೊಂಡೆ: “ಹೋದ ವರ್ಷ ಬಹಳ ಚೆನ್ನಾಗಿ ಪಾಠ ಮಾಡಿದಿರಿ. ನಿಮ್ಮ ಬೆನ್ನುನೋವು ಬೇಗ ವಾಸಿಯಾಗಲಿ. ನೂರು ವರ್ಷ ಬಾಳಿ.” ಇದರ ಜಪಾನಿ ರೂಪವನ್ನು ಕಚೇರಿಯ ಗೆಳತಿಗೆ ತೋರಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರೂ ವಾಕ್ಯಗಳಿಗೆ ಮೆಲ್ಲಗೆ ಗೀಟು ಎಳೆದು, ‘ಗೊಜಿಆಯ್ ಕುದಸಾಯ್’ ಎಂದು ಬರೆದುಕೊಟ್ಟಳು. ನಿಘಂಟು ನೋಡಿದರೆ ‘ಜಿ’ ಎಂದರೆ ತಾನು, ‘ಆಯ್’ ಎಂದರೆ ಪ್ರೀತಿ. ಗುರುಗಳಿಗೆ “ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ” ಎನ್ನುವುದೇ? ಕನ್ನಡದಲ್ಲಿ ಇದಕ್ಕೆ ಯಾವ ಮಾತು ಹೊಂದುತ್ತದೆ?

ಮೈಸೂರಿನಿಂದ

ನಾನು ನಿವೃತ್ತ ಸಂಸ್ಕೃತ ಮೇಷ್ಟ್ರು, ಜಪಾನಿ ತಿಳಿಯದು. ಆದರೆ ಕಾರಣ ಸ್ಪಷ್ಟವಾಗಿದೆಯಮ್ಮ. ಹಿರಿಯರು ಹರಸುತ್ತಾರೆ, ಕಿರಿಯರು ಹರಸುವಂತಿಲ್ಲ. ‘ನೂರು ವರ್ಷ ಬಾಳಿ’ ಎನ್ನುವುದು ಹರಕೆ. ಹಾಗಾಗಿ ಜಪಾನಿನಲ್ಲಿ ಗುರುವಿಗೆ ಶಿಷ್ಯರು ಒಳಿತು ಕೋರುವ ಪದ್ಧತಿಯೇ ಇಲ್ಲವೆಂದು ತೋರುತ್ತದೆ. ಜಿಆಯ್‌ಗೆ ‘ಆತ್ಮರಕ್ಷೆ’ ಎನ್ನಬಹುದು.

ಷಾಂಘೈನಿಂದ

ಶಿಕ್ಷಕರ ದಿನದ ಕಾರ್ಡು ತಾನೇ? ಚೀನಾದಲ್ಲಿ ಅದು ಸೆಪ್ಟೆಂಬರ್ 10. ನನ್ನ ಮಗ ಟೀಚರಿಗೆ ‘ಲಾವ್‌ಷರ್, ನಿನ್ ಶಿನ್‌ಖು ಲ’ ಎಂದು ಬರೆದಿದ್ದ. ‘ಟೀಚರೇ, ನೀವು ಬಹಳ ಕಷ್ಟಪಟ್ಟಿದ್ದೀರಿ’ ಎಂದು ಅರ್ಥ. ಟೀಚರು ಖುಷಿಪಟ್ಟರು. ನೀವೂ ಅದನ್ನೇ ಬರೆಯಿರಿ, ಅಕ್ಷರಗಳು ಒಂದೇ ಅಲ್ಲವೇ?

ಬೆಂಗಳೂರಿನಿಂದ

ಇಪ್ಪತ್ತು ವರ್ಷದಿಂದ ಜಪಾನಿ ಕಲಿಸುತ್ತಿದ್ದೇನೆ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಷಾಂಘೈನವರೇ, ದಯವಿಟ್ಟು ಬೇಡ. ಚೀನಾದಲ್ಲಿ ಅದು ಗೌರವದ ಮಾತು, ಒಪ್ಪಿದೆ. ಜಪಾನಿನಲ್ಲಿ ‘ಕಷ್ಟಪಟ್ಟಿರಿ’ ಎನ್ನುವ ‘ಗೊಕುರೋಸಮ’ ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ಗುರುವಿಗೆ ಅದನ್ನು ಹೇಳಿದರೆ ಆಳಿಗೆ ಶಹಭಾಸ್ ಕೊಟ್ಟಂತಾಗುತ್ತದೆ.

ತಂಗಿ, ನಿನ್ನ ಮೊದಲ ವಾಕ್ಯಕ್ಕೂ ಇದೇ ತೊಂದರೆ. ‘ಚೆನ್ನಾಗಿ ಪಾಠ ಮಾಡಿದಿರಿ’ ಎಂದರೆ ನೀನು ಸೆನ್ಸೇಗೆ ಅಂಕ ಕೊಟ್ಟಂತೆ. ಅವರ ಪಾಠದ ಬದಲು ನಿನಗೆ ಆದದ್ದನ್ನು ಹೇಳು: ‘ಒಕಾಗೆಸಮ ದೆ’, ನಿಮ್ಮ ದಯದಿಂದ, ಈಗ ಆಸ್ಪತ್ರೆಗೆ ನಾನೇ ಜಪಾನಿಯಲ್ಲಿ ಫೋನು ಮಾಡುತ್ತೇನೆ ಎಂದು. ಇನ್ನು ‘ಹೋದ ವರ್ಷ’. ‘ಕ್ಯೊನೆನ್’ ಎಂಬ ಪದದ ಮೊದಲ ಅಕ್ಷರಕ್ಕೆ ‘ಬಿಟ್ಟುಹೋಗು’ ಎಂಬ ಅರ್ಥವಿದೆ, ಶುಭದ ಕಾರ್ಡಿನಲ್ಲಿ ಅದನ್ನು ತಪ್ಪಿಸಿ ‘ಸಕುನೆನ್’ ಎಂದು ಬರೆಯುತ್ತಾರೆ.

ಬೆನ್ನುನೋವೇ ಎಲ್ಲಕ್ಕಿಂತ ಸೂಕ್ಷ್ಮ. ಹೊಸ ವರ್ಷದ ಕಾರ್ಡಿನಲ್ಲಿ ಕಾಯಿಲೆಯ ಹೆಸರೇ ಅಶುಭ. ಮೇಲಾಗಿ ಅವರು ತಾವಾಗಿ ಹೇಳದ ನೋವನ್ನು ನೀನು ಗಮನಿಸಿದೆ ಎಂದು ಕಾರ್ಡೇ ಹೇಳಿಬಿಡುತ್ತದೆ. ಅಂಚೆಕಾರ್ಡನ್ನು ಮನೆಯವರೆಲ್ಲ ಓದುತ್ತಾರಲ್ಲ! ‘ನೂರು ವರ್ಷ ಬಾಳಿ’ ಎಂಬುದು ನಮಗೆ ಹಾರೈಕೆ, ಅಲ್ಲಿ ‘ನಿಮಗೆ ವಯಸ್ಸಾಯಿತು’ ಎಂಬ ಸೂಚನೆ.

ಮೇಷ್ಟ್ರ ಮಾತಿನಲ್ಲಿ ಅರ್ಧ ನಿಜವಿದೆ. ಅಲ್ಲಿಯೂ ಹರಸುವಂತಿಲ್ಲ, ಆದರೆ ಹಾರೈಸಬಹುದು. ‘ನಿಮಗೆ ಒಳಿತಾಗಲೆಂದು ಪ್ರಾರ್ಥಿಸಿಕೊಳ್ಳುತ್ತೇನೆ’ ಎಂದು ಕ್ರಿಯಾಪದವನ್ನು ತಗ್ಗಿಸಿ, ‘ಒಇನೋರಿ ಮೋಶಿಆಗೆಮಸು’ ಎಂದು ಮುಗಿಸುತ್ತಾರೆ. ಮನೆಯವರೆಲ್ಲರ ಸುಖಕ್ಕೂ ಹೀಗೆಯೇ ಕೋರಬಹುದು. ಅದು ಸಿದ್ಧವಾಕ್ಯ, ಯಾರ ಮನೆಯ ಒಳಗೂ ಇಣುಕುವುದಿಲ್ಲ.

ಗೊಜಿಆಯ್‌ನಲ್ಲಿ ಪ್ರೀತಿಯ ಅರ್ಥ ಸವೆದುಹೋಗಿದೆ, ಉಳಿದಿರುವುದು ಮೈಯನ್ನು ಜೋಪಾನ ಮಾಡಿಕೊಳ್ಳುವ ಅರ್ಥ. ಹಾಗಾಗಿ ಅದರ ಹಿಂದೆ ಮತ್ತೆ ‘ದೇಹ’ ಎಂದು ಸೇರಿಸಿದರೆ ‘ನಡುಮಧ್ಯ’ ಎಂದಂತೆ ಎರಡೆರಡು ಸಲ ಆಗುತ್ತದೆ. ಕಾಯಿಲೆ ಬಿದ್ದವರಿಗೆ ಇದನ್ನು ಹೇಳುವುದಿಲ್ಲ, ಅವರಿಗೆ ‘ಒದಾಯ್‌ಜಿನಿ’. ಕನ್ನಡದಲ್ಲಿ ‘ಆರೋಗ್ಯ ಜೋಪಾನ’ ಹತ್ತಿರ ಬರುತ್ತದೆ.

ಮೈಸೂರಿನಿಂದ

‘ಜೋಪಾನ’ ನನಗೆ ಒಪ್ಪದು. ಹಾಸ್ಟೆಲಿಗೆ ಹೊರಟ ಮಗನಿಗೆ ತಾಯಿ ಹೇಳುವ ಮಾತದು. ಹಳೆಯ ಕಾಗದಗಳಲ್ಲಿ ‘ತಮ್ಮ ಕ್ಷೇಮಸಮಾಚಾರಕ್ಕೆ ಬರೆಯುವುದು’ ಎಂದಿರುತ್ತಿತ್ತು. ಅದರಲ್ಲಿ ಆಜ್ಞೆಯಿದ್ದರೂ ಚುಚ್ಚುತ್ತಿರಲಿಲ್ಲ.

ಬೆಂಗಳೂರಿನಿಂದ

ಆದರೆ ಅದು ಉತ್ತರ ಕೇಳುತ್ತದೆ ಮೇಷ್ಟ್ರೇ, ಗೊಜಿಆಯ್ ಕೇಳುವುದಿಲ್ಲ.

ನಾಗೋಯಾದಿಂದ

ಇಬ್ಬರಿಗೂ ವಂದನೆ. ಜನವರಿ 1ಕ್ಕೇ ತಲುಪಬೇಕಾದರೆ ಡಿಸೆಂಬರ್ 25ರೊಳಗೆ ಪೆಟ್ಟಿಗೆಗೆ ಹಾಕಬೇಕು, ಆದ್ದರಿಂದ ಇವತ್ತೇ ಬರೆದು ಮುಗಿಸಿದೆ. ಆಸ್ಪತ್ರೆಯ ಫೋನಿನ ವಿಷಯ ಸೇರಿಸಿದ್ದೇನೆ. ಇನ್ನೊಂದು ಸಣ್ಣ ಸಂಶಯ: ಅಂಗಡಿಯಲ್ಲಿ ಕೊಂಡ ಕಾರ್ಡಿನ ಮೇಲೆ ‘ಗೇಶುನ್’ ಎಂದು ಎರಡೇ ಅಕ್ಷರ ಅಚ್ಚಾಗಿದೆ. ಪರವಾಗಿಲ್ಲವೇ?

ಬೆಂಗಳೂರಿನಿಂದ

ಅಯ್ಯೋ, ಅದು ಸಮವಯಸ್ಕರಿಗೆ! ಗುರುಗಳಿಗೆ ‘ಕಿಂಗಾ ಶಿನ್ನೆನ್’ ಎಂದು ನಾಲ್ಕು ಅಕ್ಷರವಿರುವುದನ್ನು ಕೊಳ್ಳಬೇಕು, ಅದರ ಮೊದಲ ಅಕ್ಷರದಲ್ಲೇ ವಿನಯವಿದೆ. ಇನ್ನೊಂದು ಕಾರ್ಡು ಇದೆಯೇ?