ಮೊದಲ ಲೇಖನದ ಅಡಿಬರಹ: ಅನುಭವಸ್ಥರು ಏನು ಬರೆದಿರಿ?

ಕೇಳಿದವರು: ಬೀದಿದೀಪದ ಬೆಳಕು ಮತ್ತು ಪತಂಗಗಳ ಹಾರಾಟದ ಬಗ್ಗೆ ನಾವು ಮೂವರು ಬರೆದ ಸಂಶೋಧನಾ ಲೇಖನ ಪ್ರಕಟವಾಗಿದೆ, ನನಗಿದು ಮೊದಲನೆಯದು. ಇನ್‌ಸ್ಟಾಗ್ರಾಂನಲ್ಲಿ ಹಾಕುವ ಚಿತ್ರದ ಅಡಿಬರಹ ಜಂಬದಂತೆ ಕಾಣಬಾರದು, ಸಪ್ಪೆಯೂ ಆಗಬಾರದು. ನೀವೆಲ್ಲ ಏನು ಬರೆದಿರಿ?

ಚೊಚ್ಚಲ ಕೃತಿ: ನನ್ನದು ಕಥಾಸಂಕಲನ. "ಇದೊಂದು ಕಿರುಪ್ರಯತ್ನ, ತಪ್ಪಿದ್ದರೆ ಮನ್ನಿಸಿ, ಬೇಕಾದವರು ತಿಳಿಸಿ" ಎಂದು ಬರೆದಿದ್ದೆ, ಇಂದಿಗೂ ಅದರ ಒಂದಕ್ಷರವನ್ನೂ ಬದಲಿಸುವುದಿಲ್ಲ. ಆದರೆ ಓದಿದವರು "ತಿಳಿಸಿ" ಎಂಬುದನ್ನು "ಉಚಿತವಾಗಿ ಕಳುಹಿಸುತ್ತೇನೆ" ಎಂದು ಅರ್ಥಮಾಡಿಕೊಂಡು ವಿಳಾಸಗಳನ್ನು ಸುರಿದರು. ಪ್ರಕಾಶಕರು ಕೊಟ್ಟ ಗೌರವ ಪ್ರತಿಗಳು ಮುಗಿದ ಮೇಲೆ ನನ್ನ ಪುಸ್ತಕವನ್ನು ನಾನೇ ಲೇಖಕರ ರಿಯಾಯಿತಿಯಲ್ಲಿ ಕೊಂಡು, ಹೊದಿಕೆ ಹಾಕಿ, ಅಂಚೆವೆಚ್ಚವನ್ನೂ ತೆತ್ತು ಕಳುಹಿಸಿದೆ. ಒಂದು ಕಟ್ಟು ವಿಳಾಸ ಅಪೂರ್ಣವೆಂದು ಹಿಂದಿರುಗಿತು; ಮೂಲೆಗಳು ನೆನೆದು ಉಬ್ಬಿದ್ದವು, ಅದನ್ನು ಇನ್ನೊಬ್ಬರಿಗೆ ಕೊಡುವಂತಿರಲಿಲ್ಲ. ಅಷ್ಟಾದರೂ ವಿನಯವೇ ಸರಿಯೆನ್ನುತ್ತೇನೆ.

ಮೂರನೇ ಲೇಖಕಿ: ವಿನಯದ ಮಾತು ಹಾಗಿರಲಿ, ನನ್ನ ಪ್ರಕರಣ ಕೇಳಿ. ವಿಮರ್ಶಕರ ಎರಡನೇ ಸುತ್ತಿನ ಆಕ್ಷೇಪಗಳಿಗೆ ಕೋಷ್ಟಕಗಳನ್ನೆಲ್ಲ ಮತ್ತೆ ಲೆಕ್ಕಹಾಕಿ, ನಕ್ಷೆಗಳನ್ನು ಹೊಸದಾಗಿ ಬರೆದುಕೊಟ್ಟವಳು ನಾನು. ಲೇಖನ ಬಂದ ದಿನ ಮೊದಲ ಲೇಖಕರು ಹಾಕಿದ ಚಿತ್ರದಲ್ಲಿ ಶೀರ್ಷಿಕೆಯಿತ್ತು, ಅದರ ಕೆಳಗೆ ಅವರ ಹೆಸರಿತ್ತು, ಅಲ್ಪವಿರಾಮದ ಬಳಿಗೆ ಸರಿಯಾಗಿ ಪುಟವನ್ನು ಕತ್ತರಿಸಲಾಗಿತ್ತು. ಅಡಿಬರಹದಲ್ಲಿ "ನನ್ನ ಲೇಖನ, ಎಲ್ಲರಿಗೂ ಧನ್ಯವಾದ" ಎಂದಿತ್ತು. ಆ "ಎಲ್ಲರಲ್ಲಿ" ನಾನು ಯಾರು ಸ್ವಾಮಿ?

ಹಿನ್ನುಡಿ: ಇಷ್ಟಕ್ಕೆಲ್ಲ ನೊಂದುಕೊಂಡರೆ ಆಗುತ್ತದೆಯೇ? ನಾನಂತೂ ಸ್ವೀಕೃತಿ ಪತ್ರ ಬಂದ ದಿನವೇ ಹಾಕಿದೆ, ಅಚ್ಚಿನ ಪಿಡಿಎಫ್ ಅನ್ನೂ ಎಲ್ಲರಿಗೆ ಹಂಚಿದೆ. ಬರೆದವರು ನಾವು, ಹಂಚುವ ಹಕ್ಕೂ ನಮ್ಮದೇ. ಅಡಿಬರಹದಲ್ಲಿ ಕೊಂಡಿ ಕೊಟ್ಟುಬಿಡಿ, ಓದುವವರು ಓದುತ್ತಾರೆ.

ಕರಡು ತಿದ್ದುವವ: ಹಿನ್ನುಡಿಯವರ ಮಾತಿನಲ್ಲಿ ಅರ್ಧ ಮಾತ್ರ ಸರಿ. ಹಕ್ಕುಸ್ವಾಮ್ಯವನ್ನು ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ ಅವರು ವಿನ್ಯಾಸಗೊಳಿಸಿದ ಅಂತಿಮ ಪಿಡಿಎಫ್ ಅನ್ನು ಸಾರ್ವಜನಿಕವಾಗಿ ಹಂಚಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಲೇಖಕರ ಹೆಸರು ಹೇಳಿ ಮರುಬಳಸಲು ಬಿಡುವ CC BY ಪರವಾನಗಿಯಲ್ಲಿ ಬಂದಿದ್ದರೆ ಧಾರಾಳವಾಗಿ ಹಂಚಬಹುದು. ಸಹಿ ಮಾಡಿದ ಒಪ್ಪಂದವನ್ನೊಮ್ಮೆ ತೆರೆದು ನೋಡಬೇಕು. ಸ್ವೀಕೃತಿಯಾದದ್ದು ಪ್ರಕಟವಾದಂತೆಯೂ ಅಲ್ಲ. ಕರಡಚ್ಚಿನ ಮೇಲೆ ಮುದ್ರಿತವಾದ DOI, ಅಂದರೆ ಲೇಖನದ ಶಾಶ್ವತ ಗುರುತುಸಂಖ್ಯೆ, ಇನ್ನೂ ನೋಂದಣಿಯಾಗಿರದಿದ್ದರೆ, ಅದನ್ನು ತೆರೆದವರಿಗೆ "DOI Not Found" ಎಂಬ ಪುಟವೇ ಕಾಣುತ್ತದೆ. ಇನ್‌ಸ್ಟಾಗ್ರಾಂನಲ್ಲಂತೂ ಅಡಿಬರಹದ ಕೊಂಡಿಯನ್ನು ಒತ್ತಿದರೆ ತೆರೆಯುವುದಿಲ್ಲ, ಅದನ್ನು ಪರಿಚಯದ ಜಾಗದಲ್ಲಿ ಹಾಕಬೇಕು.

ಜಂಬವೋ ವಿನಯವೋ ಎಂಬುದು ತೀರ್ಮಾನವಾಗುವುದು ಮೊದಲ ಸಾಲಿನಲ್ಲಿ. ಅಡಿಬರಹಕ್ಕೆ 2,200 ಅಕ್ಷರಗಳ ಅವಕಾಶವಿದ್ದರೂ, "more" ಒತ್ತದೆ ಕಾಣುವುದು ಸುಮಾರು 125 ಮಾತ್ರ. ಕನ್ನಡದಲ್ಲಿ ಒತ್ತಕ್ಷರವೂ ಅದರ ಹಿಂದಿನ ಹಲಂತ ಚಿಹ್ನೆಯೂ ಸ್ವರಚಿಹ್ನೆಯೂ ಬೇರೆಬೇರೆಯಾಗಿ ಎಣಿಕೆಯಾಗುವುದರಿಂದ, ನಾವು ಆರಕ್ಷರವೆಂದು ಓದುವ "ಪ್ರಕಟವಾಯಿತು" ಅಲ್ಲಿ 11 ಆಗುತ್ತದೆ. "ಹೇಳಿಕೊಳ್ಳಲು ಸಂಕೋಚ, ಆದರೂ" ಎಂದು ಪೀಠಿಕೆ ಹಾಕಿದರೆ ವಿಷಯಕ್ಕೆ ಸಿಗಬೇಕಾದ ಜಾಗ ಕರಗಿ, ಸಂಕೋಚವೇ ಮೊದಲು ಪ್ರದರ್ಶನಕ್ಕೆ ನಿಲ್ಲುತ್ತದೆ. ನಿಮ್ಮ ಲೇಖನಕ್ಕೆ ನಾನಾದರೆ ಹೀಗೆ ಬರೆಯುತ್ತಿದ್ದೆ: "ಬೀದಿದೀಪದ ಬಣ್ಣ ಬದಲಾದರೆ ಪತಂಗಗಳ ಹಾರಾಟವೂ ಬದಲಾಗುತ್ತದೆಯೇ? ನಾವು ಮೂವರು ಸೇರಿ ಬರೆದ ಲೇಖನ ಪ್ರಕಟವಾಗಿದೆ. ನನ್ನ ಪಾಲಿಗೆ ಇದು ಮೊದಲನೆಯದು." ಇದು 117ರಲ್ಲಿ ಮುಗಿಯುತ್ತದೆ. ಪ್ರಶ್ನೆ ಮುಂದಿದೆ, ಸಹಲೇಖಕರಿದ್ದಾರೆ, ಸಂತೋಷವೂ ಉಳಿದಿದೆ. ಅದರ ಕೆಳಗೆ ಯಾರು ಯಾವ ಕೆಲಸ ಮಾಡಿದರೆಂದು ಹೆಸರು ಹಿಡಿದು ಬರೆಯಿರಿ.

ಚೊಚ್ಚಲ ಕೃತಿ: ಹಾಗಾದರೆ ನನ್ನ "ಕಿರುಪ್ರಯತ್ನ" ಪ್ರದರ್ಶನವೆಂದು ತೀರ್ಪು ಕೊಟ್ಟಿರಾ? ಕಥೆಗೆ ಪ್ರಶ್ನೆ ಎಲ್ಲಿಂದ ತರಲಿ?

ಕರಡು ತಿದ್ದುವವ: ಕಥೆಗೆ ಪ್ರಶ್ನೆ ಬೇಡ, ಸಂಕಲನದ ಯಾವುದಾದರೊಂದು ವಾಕ್ಯ ಸಾಕು. ಪುಸ್ತಕ ಎಲ್ಲಿ ಸಿಗುತ್ತದೆಂದು "ತಿಳಿಸಿ" ಇದ್ದ ಜಾಗದಲ್ಲಿ ಬರೆದಿದ್ದರೆ ಅಂಚೆವೆಚ್ಚವೂ ಉಳಿಯುತ್ತಿತ್ತು.

ಚೊಚ್ಚಲ ಕೃತಿ: ಕೇಳಿದವರಿಗೆ ಪುಸ್ತಕ ಕೊಟ್ಟದ್ದಕ್ಕೆ ನಾನು ಲೆಕ್ಕ ಒಪ್ಪಿಸಬೇಕಾಗಿಲ್ಲ.

ಹಿನ್ನುಡಿ: ಎರಡು ಪ್ಯಾರಾ ತುಂಬ ಲೆಕ್ಕ ಒಪ್ಪಿಸಿದವರೇ ಈಗ ಹೀಗೆ ಹೇಳುವುದು ಚೆನ್ನಾಗಿದೆ.

ಚೊಚ್ಚಲ ಕೃತಿ: ಅದು ಒಂದೇ ಪ್ಯಾರಾ. ಓದದೆಯೇ ಎಣಿಸುವವರು ಲೇಖನವನ್ನೂ ಹಾಗೆಯೇ ಬರೆದಿರಬೇಕು.

ಮೂರನೇ ಲೇಖಕಿ: ಅಂಚೆಯ ಜಗಳ ಸಾಕು. ಹೆಸರು ಹಾಕಿದರೆ ಮಾತ್ರ ಸಾಲದು, ಹಾಕುವ ಮೊದಲು ಅಡಿಬರಹವನ್ನು ಸಹಲೇಖಕರಿಗೆ ತೋರಿಸಬೇಕೆಂಬುದು ನನ್ನ ವಾದ.

ಕರಡು ತಿದ್ದುವವ: ಹಾಕುವ ದಿನಾಂಕವನ್ನು ಮೊದಲೇ ತಿಳಿಸಬೇಕೆಂದರೆ ಒಪ್ಪುತ್ತೇನೆ. ಆದರೆ ಒಬ್ಬರ ಖುಷಿಯ ನಾಲ್ಕು ಸಾಲಿಗೂ ಮೂವರ ಅನುಮೋದನೆ ಬೇಕೆಂದರೆ ಅದು ಇನ್ನೊಂದು ವಿಮರ್ಶೆಯ ಸುತ್ತಾಗುತ್ತದೆ.

ಮೂರನೇ ಲೇಖಕಿ: ಆ ಸುತ್ತುಗಳಲ್ಲಿ ಕೂತು ಕೆಲಸ ಮಾಡಿದವರು ಇದನ್ನೂ ನೋಡಲಿ ಎನ್ನುತ್ತಿದ್ದೇನೆ.

ಕೇಳಿದವರು: ಮೊದಲ ಸಾಲನ್ನು ಹಾಗೆಯೇ ತೆಗೆದುಕೊಳ್ಳುತ್ತೇನೆ. ಇಬ್ಬರು ಸಹಲೇಖಕರಲ್ಲಿ ಒಬ್ಬರು ಇನ್‌ಸ್ಟಾಗ್ರಾಂನಲ್ಲಿಲ್ಲ. ಅವರ ಪೂರ್ತಿ ಹೆಸರು ಹಾಕಬಹುದೇ ಎಂದು ಸಂಜೆ ಕೇಳುತ್ತೇನೆ.